ಬುಲ್ ಕಾಲ್ ಸ್ಪ್ರೆಡ್: ಲಾಭ ಎಷ್ಟು, ನಷ್ಟ ಎಷ್ಟು, ಅಸಲು ಹುಟ್ಟುವುದು ಎಲ್ಲಿ?

ಕಡಿಮೆ ಸ್ಟ್ರೈಕ್‌ನ ಒಂದು ಕಾಲ್ ಆಪ್ಷನ್ ಕೊಂಡು, ಅದೇ ದಿನ ಅವಧಿ ಮುಗಿಯುವ ಹೆಚ್ಚಿನ ಸ್ಟ್ರೈಕ್‌ನ ಇನ್ನೊಂದು ಕಾಲನ್ನು ಮಾರುವುದಕ್ಕೆ ಬುಲ್ ಕಾಲ್ ಸ್ಪ್ರೆಡ್ ಎನ್ನುತ್ತಾರೆ. ಮಾರುಕಟ್ಟೆ ಮೇಲೇರಬಹುದು, ಆದರೆ ಹಾರಿಬಿಡಲಾರದು ಎಂದು ಎಣಿಸುವವರ ವ್ಯವಹಾರ ಇದು. ಮಾರಿದ ಕಾಲ್‌ನಿಂದ ಕೈಗೆ ಬರುವ ಪ್ರೀಮಿಯಂ, ಕೊಂಡ ಕಾಲ್‌ನ ಖರ್ಚನ್ನು ಇಳಿಸುತ್ತದೆ. ಅದಕ್ಕೆ ಪ್ರತಿಯಾಗಿ ಒಂದು ಮಟ್ಟದ ಆಚೆಗಿನ ಲಾಭವನ್ನು ಬಿಟ್ಟುಕೊಡಬೇಕಾಗುತ್ತದೆ.

ನಿಫ್ಟಿ 24,000ದಲ್ಲಿದೆ, ಎಕ್ಸ್‌ಪೈರಿಗೆ ಸುಮಾರು ಮೂರು ವಾರ ಇದೆ ಎಂದಿಟ್ಟುಕೊಳ್ಳೋಣ. 24,000ದ ಕಾಲ್ 330 ರೂಪಾಯಿಗೆ ಸಿಗುತ್ತಿದೆ, 24,300ರ ಕಾಲ್ 190 ರೂಪಾಯಿಗೆ ಮಾರಾಟವಾಗುತ್ತಿದೆ. ಮೊದಲನೆಯದನ್ನು ಕೊಂಡು ಎರಡನೆಯದನ್ನು ಮಾರಿದರೆ ಕೈಯಿಂದ ಹೋಗುವುದು 140 ರೂಪಾಯಿ. ಲಾಟ್ ಗಾತ್ರವನ್ನು ಷೇರು ವಿನಿಮಯ ಕೇಂದ್ರ ಆಗಾಗ ಬದಲಿಸುವುದರಿಂದ ಇಲ್ಲಿ ಲೆಕ್ಕಕ್ಕೆ 75 ಎಂದು ಹಿಡಿದಿದೆ. ಆಗ ಒಂದು ಲಾಟ್‌ಗೆ ತೆರುವ ಹಣ 10,500 ರೂಪಾಯಿ. 24,000ದ ಕಾಲನ್ನಷ್ಟೇ ಕೊಂಡಿದ್ದರೆ 24,750 ರೂಪಾಯಿ ಬೇಕಾಗುತ್ತಿತ್ತು.

ಎಕ್ಸ್‌ಪೈರಿ ದಿನ ನಿಫ್ಟಿ ಎಲ್ಲಿ ಮುಕ್ತಾಯವಾದರೆ ಏನಾಗುತ್ತದೆ ಎಂಬುದು ಈ ಕೋಷ್ಟಕದಲ್ಲಿದೆ.

| ನಿಫ್ಟಿ ಮುಕ್ತಾಯ | ಕೊಂಡ ಕಾಲ್‌ನಿಂದ ಬರುವುದು | ಮಾರಿದ ಕಾಲ್‌ಗೆ ಕೊಡುವುದು | 140 ಕಳೆದ ಮೇಲೆ | ಒಂದು ಲಾಟ್‌ಗೆ (ರೂ.) |
|---|---|---|---|---|
| 23,700 | 0 | 0 | −140 | −10,500 |
| 24,000 | 0 | 0 | −140 | −10,500 |
| 24,100 | 100 | 0 | −40 | −3,000 |
| 24,140 | 140 | 0 | 0 | 0 |
| 24,200 | 200 | 0 | +60 | +4,500 |
| 24,300 | 300 | 0 | +160 | +12,000 |
| 24,600 | 600 | 300 | +160 | +12,000 |

ನಷ್ಟ 10,500 ರೂಪಾಯಿ ದಾಟುವುದಿಲ್ಲ, ಲಾಭ 12,000 ಮೀರುವುದಿಲ್ಲ. ಎರಡು ಸ್ಟ್ರೈಕ್‌ಗಳ ನಡುವಿನ 300ರ ಅಂತರದಲ್ಲಿ ತೆತ್ತ 140 ಕಳೆದರೆ ಉಳಿಯುವ 160 ಗರಿಷ್ಠ ಲಾಭ. ಬ್ರೇಕ್ ಈವನ್, ಅಂದರೆ ಅಸಲು ಹುಟ್ಟುವ ಮಟ್ಟ, ಕೆಳಗಿನ ಸ್ಟ್ರೈಕ್‌ಗೆ ತೆತ್ತ ಪ್ರೀಮಿಯಂ ಕೂಡಿಸಿದರೆ ಸಿಗುತ್ತದೆ: 24,000ಕ್ಕೆ 140 ಸೇರಿ 24,140. ದಲ್ಲಾಳಿ, ತೆರಿಗೆ, ಶುಲ್ಕ ಎಲ್ಲ ಸೇರಿ 300 ರೂಪಾಯಿ ಆಯಿತೆಂದರೆ ಅದನ್ನು 75ರಿಂದ ಭಾಗಿಸಿ ಇನ್ನೂ 4 ಅಂಶ ಸೇರಿಸಬೇಕು. ನಿಜವಾದ ಅಸಲು 24,144ರಲ್ಲಿ ಹುಟ್ಟುತ್ತದೆ.

ಒಂಟಿ ಕಾಲ್ ಕೊಂಡವರಿಗೆ ಅಸಲು ಹುಟ್ಟಲು ನಿಫ್ಟಿ 24,330 ಮುಟ್ಟಬೇಕು. ಅವರ ಲಾಭ ಸ್ಪ್ರೆಡ್‌ನ ಲಾಭವನ್ನು ಹಿಂದಿಕ್ಕುವುದು 24,490 ದಾಟಿದ ಮೇಲೆ ಮಾತ್ರ. ಮೂರು ವಾರದಲ್ಲಿ 490 ಅಂಶದ ಏರಿಕೆಯನ್ನು ನೆಚ್ಚಿಕೊಳ್ಳದವರಿಗೆ ಸ್ಪ್ರೆಡ್ಡೇ ಮೇಲು.

ಆದರೆ ಎಚ್ಚರಿಕೆಯ ಹೂಡಿಕೆದಾರರ ಕಣ್ಣು ನಿಲ್ಲಬೇಕಾದದ್ದು ಕೋಷ್ಟಕದ ಎರಡನೆಯ ಸಾಲಿನಲ್ಲಿ. ನಿಫ್ಟಿ ಬೀಳಬೇಕಾಗಿಯೇ ಇಲ್ಲ, ಇದ್ದಲ್ಲೇ ಇದ್ದರೂ ಹಾಕಿದ ಹಣ ಅಷ್ಟೂ ಹೋಗುತ್ತದೆ. 100 ಅಂಶ ಏರಿದರೂ 3,000 ರೂಪಾಯಿ ಕೈಬಿಡುತ್ತದೆ. ‘ನಷ್ಟಕ್ಕೆ ಮಿತಿಯಿದೆ’ ಎಂದು ಇದನ್ನು ಮಾರುವವರು ಹೇಳುವುದು ಸುಳ್ಳಲ್ಲ, ಆದರೆ ಆ ಮಿತಿ ಹಾಕಿದ ಹಣದ ನೂರಕ್ಕೆ ನೂರು ಎಂಬುದನ್ನು ಅವರು ಒತ್ತಿ ಹೇಳುವುದು ಕಡಿಮೆ.

ಇದಕ್ಕೊಂದು ಉಪಾಯ, ಸ್ಟ್ರೈಕ್‌ಗಳನ್ನು ಕೆಳಕ್ಕೆ ಸರಿಸುವುದು. ಅದೇ ದಿನ 23,800ರ ಕಾಲ್‌ಗೆ 450, 24,100ರ ಕಾಲ್‌ಗೆ 280 ರೂಪಾಯಿ ಇದೆ ಎನ್ನೋಣ. ಮೊದಲನೆಯದನ್ನು ಕೊಂಡು ಎರಡನೆಯದನ್ನು ಮಾರಿದರೆ ತೆರುವುದು 170. ಶುಲ್ಕ ಬಿಟ್ಟು ನೋಡಿದರೆ ಅಸಲು ಹುಟ್ಟುವ ಮಟ್ಟ 23,970, ಅಂದರೆ ನಿಫ್ಟಿ ಈಗಿರುವ ಜಾಗಕ್ಕಿಂತ ಕೆಳಗೆ. ಮೂರು ವಾರ ಕಳೆದರೂ ಸೂಚ್ಯಂಕ 24,000ದಲ್ಲೇ ನಿಂತಿದ್ದರೆ ಈ ಸ್ಪ್ರೆಡ್‌ನ ಬೆಲೆ 200. 170 ಕಳೆದು ಉಳಿದ 30 ಅಂಶಕ್ಕೆ ಒಂದು ಲಾಟ್‌ನಲ್ಲಿ 2,250 ರೂಪಾಯಿ ಲಾಭ. ಮೊದಲ ಸ್ಪ್ರೆಡ್ ಅದೇ ಮಟ್ಟದಲ್ಲಿ ಸಂಪೂರ್ಣ ನಷ್ಟ ತೋರಿಸಿತ್ತು. ಇದು ಪುಕ್ಕಟೆಯಾಗಿ ಬಂದದ್ದಲ್ಲ: ಗರಿಷ್ಠ ಲಾಭ 9,750ಕ್ಕೆ ಇಳಿಯುತ್ತದೆ, ಗರಿಷ್ಠ ನಷ್ಟ 12,750ಕ್ಕೆ ಏರುತ್ತದೆ. ಗೆಲ್ಲುವ ಸಂಭವ ಹೆಚ್ಚು, ಗೆದ್ದಾಗ ಸಿಗುವುದು ಕಡಿಮೆ. ಲಾಭದ ಅಂಕಿ ದೊಡ್ಡದಿದೆ ಎಂಬ ಒಂದೇ ಕಾರಣಕ್ಕೆ ಸ್ಪ್ರೆಡ್ ಆರಿಸುವವರು ಸಾಮಾನ್ಯವಾಗಿ ಅಸಲಿನ ಮಟ್ಟವನ್ನು ನೋಡಿರುವುದಿಲ್ಲ.

ಕೋಷ್ಟಕ ಹೇಳುವುದು ಎಕ್ಸ್‌ಪೈರಿ ದಿನದ ಮಾತು. ನಡುವೆ ಏನಾಗುತ್ತದೆ ಎಂಬುದು ಬೇರೆಯೇ ಕಥೆ, ಹೊಸಬರು ತಬ್ಬಿಬ್ಬಾಗುವುದು ಇಲ್ಲೇ. ಮೊದಲ ಸ್ಪ್ರೆಡ್ ಹಾಕಿ ಒಂದು ವಾರ ಕಳೆಯುವಷ್ಟರಲ್ಲಿ ನಿಫ್ಟಿ 24,300 ಮುಟ್ಟಿತು ಎನ್ನಿ. ಕೋಷ್ಟಕದ ಪ್ರಕಾರ 12,000 ರೂಪಾಯಿ ಬರಬೇಕಲ್ಲವೇ? ತೆರೆಯ ಮೇಲೆ ಕಾಣುವುದು 3,750ರ ಆಸುಪಾಸು. ಇನ್ನೂ ಎರಡು ವಾರ ಬಾಕಿ ಇರುವುದರಿಂದ ಮಾರಿದ 24,300ರ ಕಾಲ್ ಕೂಡ ದುಬಾರಿಯಾಗಿರುತ್ತದೆ. ಕೊಂಡದ್ದು 450 ರೂಪಾಯಿ ಆಗಿದ್ದರೆ ಮಾರಿದ್ದು 260 ಆಗಿರಬಹುದು, ವ್ಯತ್ಯಾಸ 190 ಮಾತ್ರ. ತೆತ್ತ 140 ಕಳೆದರೆ 50 ಅಂಶ. ಪೂರ್ತಿ 160 ಕೈಗೆ ಬರಬೇಕಾದರೆ ಮಾರಿದ ಕಾಲ್‌ನ ಕಾಲಮೌಲ್ಯ ಕರಗುವ ತನಕ ಕಾಯಬೇಕು, ಆ ಹೊತ್ತಿನಲ್ಲಿ ನಿಫ್ಟಿ ಮತ್ತೆ ಕೆಳಗಿಳಿಯಲೂಬಹುದು. ಗುರಿ ಬೇಗ ಮುಟ್ಟಿದಾಗ ಗರಿಷ್ಠ ಲಾಭದ ಅರ್ಧವೋ ಮುಕ್ಕಾಲೋ ಸಿಕ್ಕರೆ ಸಾಕೆಂದು ಹೊರಬೀಳಲು ಮೊದಲೇ ತೀರ್ಮಾನಿಸಿಕೊಂಡಿರುವುದು ಲೇಸು.

ಆರ್ಡರ್ ಹಾಕುವ ಕ್ರಮವೂ ಹಣದ ವಿಷಯವೇ. ಒಳಬರುವಾಗ ಮೊದಲು ಕೊಳ್ಳಬೇಕು, ಆಮೇಲೆ ಮಾರಬೇಕು. ಕೊಂಡ ಕಾಲ್ ಖಾತೆಯಲ್ಲಿದ್ದರೆ ಮಾರಿದ ಕಾಲ್‌ಗೆ ಬೇಕಾಗುವ ಮಾರ್ಜಿನ್ ಬಹಳ ಇಳಿಯುತ್ತದೆ. ಹೊರಬರುವಾಗ ಇದು ತಿರುಗಾ ಮುರುಗಾ: ಮಾರಿದ್ದನ್ನು ಮೊದಲು ಮರಳಿ ಕೊಂಡು, ನಂತರ ಕೊಂಡದ್ದನ್ನು ಮಾರಬೇಕು. ಕೊಂಡ ಕಾಲನ್ನು ಮೊದಲು ಮಾರಿಬಿಟ್ಟರೆ, ಉಳಿದ ಕಾಲ್‌ಗೆ ಆಸರೆಯಿಲ್ಲ. ಮಾರ್ಜಿನ್ ಒಮ್ಮೆಲೇ ಜಿಗಿಯುತ್ತದೆ, ಕೋಷ್ಟಕ ತೋರಿಸಿದ ನಷ್ಟದ ಮಿತಿಯೂ ಮಾಯವಾಗುತ್ತದೆ.

ನಿಫ್ಟಿಯಂಥ ಸೂಚ್ಯಂಕದ ಆಪ್ಷನ್‌ಗಳು ನಗದಿನಲ್ಲೇ ಇತ್ಯರ್ಥವಾಗುತ್ತವೆ. ಭಾರತದಲ್ಲಿ ಇವನ್ನು ಅವಧಿ ಮುಗಿಯುವ ದಿನವಷ್ಟೇ ಚಲಾಯಿಸಬಹುದಾದ್ದರಿಂದ, ಮಾರಿದ ಕಾಲ್ ನಡುವೆಯೇ ತಲೆಯ ಮೇಲೆ ಬೀಳುವ ಭಯವಿಲ್ಲ. ಒಂದೊಂದು ಕಂಪನಿಯ ಷೇರಿನ ಆಪ್ಷನ್‌ನಲ್ಲಿ ಇದೇ ಸ್ಪ್ರೆಡ್ ಹಾಕಿದರೆ ಲೆಕ್ಕ ಬದಲಾಗುತ್ತದೆ, ಏಕೆಂದರೆ 2019ರ ಅಕ್ಟೋಬರ್‌ನಿಂದ ಅವೆಲ್ಲ ಷೇರು ಕೊಟ್ಟು ತೆಗೆದುಕೊಳ್ಳುವ ಮೂಲಕವೇ ಇತ್ಯರ್ಥವಾಗುತ್ತಿವೆ. 500 ಮತ್ತು 520ರ ಸ್ಟ್ರೈಕ್, 1,000 ಷೇರಿನ ಲಾಟ್ ಎಂದಿರಲಿ. ಷೇರು 530ರಲ್ಲಿ ಮುಕ್ತಾಯವಾದರೆ ಒಂದರಲ್ಲಿ ಬಂದ ಷೇರು ಇನ್ನೊಂದರಲ್ಲಿ ಹೋಗುತ್ತದೆ, ತೊಂದರೆಯಿಲ್ಲ. 510ರಲ್ಲಿ ನಿಂತರೆ ಮಾರಿದ ಕಾಲ್ ಸೊನ್ನೆಯಾಗಿ, ಕೊಂಡ ಕಾಲ್ ಮಾತ್ರ ಜೀವಂತ ಉಳಿಯುತ್ತದೆ. ಆಗ 1,000 ಷೇರನ್ನು 500ರ ದರದಲ್ಲಿ ಕೊಳ್ಳಲೇಬೇಕು, ಅಂದರೆ 5 ಲಕ್ಷ ರೂಪಾಯಿ ಖಾತೆಯಲ್ಲಿರಬೇಕು. ಈ ಕಾರಣಕ್ಕೆ ಕೊನೆಯ ಕೆಲವು ದಿನ ಬ್ರೋಕರ್‌ಗಳು ಕೊಂಡ ಕಾಲ್‌ಗೂ ಮಾರ್ಜಿನ್ ಕೇಳತೊಡಗುತ್ತಾರೆ. ಆ ಸೂಚನೆ ಬಂದ ದಿನವೇ ಸ್ಪ್ರೆಡ್‌ನ ಎರಡೂ ಕಾಲ್‌ಗಳನ್ನು ಮುಚ್ಚಿಬಿಟ್ಟರೆ ಅಷ್ಟು ಹಣ ಹೊಂದಿಸುವ ಪ್ರಸಂಗ ಬರುವುದಿಲ್ಲ.