ಕೊಬ್ಬರಿ ದರಕ್ಕೆ ಗ್ರೂಪೋ, ಚಾನೆಲ್ಲೋ?

ತಿಪಟೂರು ಎಪಿಎಂಸಿಯಲ್ಲಿ ಟೆಂಡರ್ ಮುಗಿಯುತ್ತಿದ್ದಂತೆ ಉಂಡೆ ಕೊಬ್ಬರಿಯ ದರ ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಫೋನುಗಳಿಗೂ ಬಂದುಬಿಡುತ್ತದೆ. ಅಟ್ಟದಲ್ಲಿ ಕೊಬ್ಬರಿ ಇಟ್ಟುಕೊಂಡು ಕಾಯುವವರಿಗೆ ಆ ಒಂದು ಸಾಲು ಬಹಳ ಮುಖ್ಯ. ಅದು ವಾಟ್ಸಾಪ್ ಗ್ರೂಪಿನಲ್ಲಿ ಬಂತೋ, ಚಾನೆಲ್‌ನಲ್ಲಿ ಬಂತೋ ಎಂಬುದೂ ಅಷ್ಟೇ ಮುಖ್ಯ.

ಗ್ರೂಪಿನ ಸಂದೇಶ ಬೀಗ ಹಾಕಿಕೊಂಡೇ ಹೊರಡುತ್ತದೆ. ಅದನ್ನು ತೆರೆಯುವ ಕೀಲಿಯನ್ನು ಕಳಿಸುವವರ ಫೋನು ಒಬ್ಬೊಬ್ಬ ಸದಸ್ಯರ ಫೋನಿಗೂ ಮೊದಲೇ ಮುಟ್ಟಿಸಿರುತ್ತದೆ. ಹಾಗಾಗಿ ಗ್ರೂಪಿನಲ್ಲಿ ಯಾರಿದ್ದಾರೆಂಬುದು ಎಲ್ಲರ ಫೋನಿಗೂ ಗೊತ್ತಿರಲೇಬೇಕು. ಸದಸ್ಯರ ಪಟ್ಟಿ ಎಲ್ಲರಿಗೂ ಕಾಣುವುದಕ್ಕೆ, 1,024 ಜನರ ಮಿತಿ ಇರುವುದಕ್ಕೆ ಈ ವ್ಯವಸ್ಥೆಯೊಂದಿಗೆ ನಂಟಿದೆ. ‘ಅಡ್ಮಿನ್ ಮಾತ್ರ ಬರೆಯಬಹುದು’ ಎಂದು ಮಾಡಿದರೂ ಪಟ್ಟಿ ಮರೆಯಾಗುವುದಿಲ್ಲ. ನಂಬರುಗಳನ್ನು ಬೇಕಾದವರು ಬರೆದುಕೊಳ್ಳಬಹುದು. ಮೋಸದ ಕರೆ ಮಾಡುವವರಿಗೂ ಅಷ್ಟೇ ಸಾಕು.

2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂದ ಚಾನೆಲ್ ಹಾಗಲ್ಲ. ಅದು ಎಪಿಎಂಸಿ ಗೋಡೆಯ ದರದ ಬೋರ್ಡಿನಂತೆ. ಬರೆದದ್ದು ಸರ್ವರ್‌ನಲ್ಲಿ ಇರುತ್ತದೆ, ನೋಡುವವರು ಬಂದು ನೋಡುತ್ತಾರೆ. ಅದಕ್ಕೆ ಗ್ರೂಪಿನಂಥ ಬೀಗವಿಲ್ಲ. ನೋಡುವವರ ಪರಸ್ಪರ ಪರಿಚಯವೂ ಬೇಕಿಲ್ಲ. ನಿಮ್ಮ ನಂಬರು ಉಳಿದ ಫಾಲೋವರ್‌ಗಳಿಗೆ ಕಾಣದು. ಮೊದಲೇ ಸೇವ್ ಮಾಡಿಕೊಂಡಿರದಿದ್ದರೆ ಅಡ್ಮಿನ್‌ಗೂ ಕಾಣದು.

ಇನ್ನು ರಿಯಾಕ್ಷನ್. ಗ್ರೂಪಿನಲ್ಲಿ ನೀವು ಒತ್ತುವ ಹೆಬ್ಬೆರಳು ನಿಮ್ಮ ಹೆಸರಿನಲ್ಲೇ ಎಲ್ಲರಿಗೂ ಹೋಗುತ್ತದೆ. ಚಾನೆಲ್‌ನಲ್ಲಿ ಉಳಿದ ಫಾಲೋವರ್‌ಗಳಿಗೆ ಕಾಣುವುದು ಒಟ್ಟು ಲೆಕ್ಕ ಮಾತ್ರ.

ತೊಂದರೆ ಹುಟ್ಟುವುದೂ ಇಲ್ಲೇ. ಹೋದ ವಾರದ ದರವನ್ನು ಯಾರೋ ಇವತ್ತಿನದೆಂದು ಹಾಕಿದರು ಎನ್ನಿ. ಗ್ರೂಪಿನಲ್ಲಾದರೆ ಮಾರುಕಟ್ಟೆಯಲ್ಲೇ ನಿಂತಿದ್ದ ರೈತರೊಬ್ಬರು ‘ಇದು ಹಳೇದು, ಇವತ್ತು ಇಳಿದಿದೆ’ ಎಂದು ಅದರ ಕೆಳಗೇ ಬರೆಯುತ್ತಾರೆ. ಚಾನೆಲ್‌ನಲ್ಲಿ ಹಾಗೆ ಬರೆಯಲು ಜಾಗವಿಲ್ಲ. ಅವರು ಅಳುಮುಖ ಒತ್ತಬಹುದು. ಆದರೆ ದರ ಸಾಲದೆಂದು ಬೇಸರಪಟ್ಟವರೂ ಅದನ್ನೇ ಒತ್ತಿರುತ್ತಾರೆ. ಒಟ್ಟು ನಲವತ್ತು ಅಳುಮುಖ ಕಂಡರೆ ಅದರಲ್ಲಿ ತಪ್ಪು ತಿದ್ದಲು ಹೊರಟವರು ಎಷ್ಟು ಮಂದಿ ಎಂದು ತಿಳಿಯುವ ದಾರಿಯೇ ಇಲ್ಲ. ಅಷ್ಟರಲ್ಲಿ ಯಾರಾದರೂ ಆಟೊ ಮಾತಾಡಿಕೊಂಡು ಮೂಟೆ ಹೇರಿಸಿರುತ್ತಾರೆ.

ಹಾಗೆಂದು ಚಾನೆಲ್ ಬೇಡವೆನ್ನಲಾರೆ. ದರ ತಿಳಿಸಲು ಅದೇ ಸರಿ: ಶುಭೋದಯದ ಚಿತ್ರಗಳ ನಡುವೆ ದರ ಕಳೆದುಹೋಗುವುದಿಲ್ಲ, ಯಾರ ನಂಬರೂ ಬಯಲಾಗುವುದಿಲ್ಲ. ಚರ್ಚೆಗೆ, ತಿದ್ದುಪಡಿಗೆ ಪರಿಚಯದವರ ಸಣ್ಣ ಗ್ರೂಪು ಇರಲಿ. ಚಾನೆಲ್ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೆ: ಪ್ರತಿ ದರದ ಜೊತೆಗೂ ತಾರೀಖು, ಮಾರುಕಟ್ಟೆಯ ಹೆಸರು ಬರೆಯಿರಿ; ತಪ್ಪು ಕಂಡವರು ಕರೆ ಮಾಡಲು ಒಂದು ಫೋನ್ ನಂಬರನ್ನು ಚಾನೆಲ್‌ನ ವಿವರಣೆಯಲ್ಲಿ ಹಾಕಿಡಿ.