ಬಿಲ್ಲಿನ ಒಂದೊಂದು ಸಾಲೂ ತಾಳೆಯಾಗಲಿ

ಹುಬ್ಬಳ್ಳಿಯ ಕಟ್ಟಡ ಗುತ್ತಿಗೆದಾರರೊಬ್ಬರ ಕಚೇರಿಗೆ ಅದೇ ಊರಿನ ಪೈಪ್ ಅಂಗಡಿಯಿಂದ 29,571 ರೂಪಾಯಿಯ ಬಿಲ್ ಬಂದಿದೆ ಎಂದಿಟ್ಟುಕೊಳ್ಳಿ. ಬಹಳ ಕಡೆ ಗುಮಾಸ್ತರು ಬಿಲ್ ನಂಬರ್, ತಾರೀಕು, ಒಟ್ಟು ಮೊತ್ತ ಇಷ್ಟನ್ನೇ ಬರೆದುಕೊಂಡು ಹಣ ಪಾವತಿಗೆ ಕಳಿಸುತ್ತಾರೆ. ಆದರೆ ತಪ್ಪು ಸಾಮಾನ್ಯವಾಗಿ ಅಡಗಿರುವುದು ಒಟ್ಟು ಮೊತ್ತದ ಮೇಲಿನ ಸಾಲುಗಳಲ್ಲಿ. ಅದನ್ನು ಹಿಡಿಯಬೇಕಾದರೆ ಬಿಲ್ಲಿನ ಪ್ರತಿಯೊಂದು ಸಾಲನ್ನೂ ಸಿಎಸ್‌ವಿ ಕಡತಕ್ಕೆ ಇಳಿಸಿಕೊಳ್ಳಬೇಕು. ಸಿಎಸ್‌ವಿ ಎಂದರೆ ಬೇರೇನಲ್ಲ, ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಬರಿಯ ಪಠ್ಯ. ಎಕ್ಸೆಲ್‌ನಲ್ಲೂ ಲೆಕ್ಕಪತ್ರದ ತಂತ್ರಾಂಶಗಳಲ್ಲೂ ತೆರೆದುಕೊಳ್ಳುತ್ತದೆ. ನಮ್ಮ ಬಿಲ್ಲಿನ ಮೂರು ಸಾಲು ಹೀಗೆ ಕೂರುತ್ತವೆ:

```
bill_no,line,item,hsn,qty,unit,rate,disc_pct,taxable,gst_pct
1187,1,PVC Pipe 4 inch,3917,40,Nos,612.50,8,22540.00,18
1187,2,PVC Elbow 4 inch,3917,25,Nos,48.00,0,1200.00,18
1187,3,Solvent Cement,3506,12,Nos,110.00,0,1320.00,18
```

ಇಲ್ಲಿ ಪಾಲಿಸಬೇಕಾದ ಮುಖ್ಯ ನಿಯಮ ಒಂದೇ: ಬಿಲ್ಲಿನಲ್ಲಿ ಅಚ್ಚಾಗಿರುವುದನ್ನು ಅಚ್ಚಾಗಿರುವಂತೆಯೇ ಇಳಿಸಿ. `taxable` ಕಾಲಮ್ಮಿಗೆ ಸೂತ್ರ ಹಾಕಿ ಕಂಪ್ಯೂಟರಿನಿಂದಲೇ ಮೊತ್ತ ತುಂಬಿಸಿದರೆ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಅಂಗಡಿಯವರು ಬರೆದ ಮೊತ್ತ ಕಡತಕ್ಕೆ ಬರುವುದೇ ಇಲ್ಲ. ಹೋಲಿಸಲು ಏನೂ ಉಳಿಯುವುದಿಲ್ಲ. ಅಂಗಡಿಯವರ ಲೆಕ್ಕ ಒಂದು ಕಡೆ, ನಾವು ಮಾಡಿದ ಲೆಕ್ಕ ಇನ್ನೊಂದು ಕಡೆ ಇದ್ದಾಗ ಮಾತ್ರ ತಾಳೆ ನೋಡಬಹುದು. ಆದ್ದರಿಂದ ಸೂತ್ರಕ್ಕೆ ಪಕ್ಕದಲ್ಲಿ ಬೇರೆ ಕಾಲಂ ಇರಲಿ:

```
=ROUND(E2*G2*(1-H2/100),2)-I2
```

ನಗವನ್ನು ದರದಿಂದ ಗುಣಿಸಿ, ರಿಯಾಯಿತಿ ಕಳೆದು, ಬಿಲ್ಲಿನ ಮೊತ್ತದೊಂದಿಗೆ ಹೋಲಿಸುವ ಸೂತ್ರ ಇದು. ಉತ್ತರ ಸೊನ್ನೆ ಬರಬೇಕು. ಬಿಲ್ಲಿನ ಸ್ಕ್ಯಾನ್ ಪ್ರತಿಯಿಂದ ಅಕ್ಷರ ಗುರುತಿಸುವಾಗ 612.50 ಎಂಬುದು 672.50 ಎಂದಾಗಿಬಿಟ್ಟರೆ, ಮೊದಲ ಸಾಲಿನಲ್ಲಿ 2,208 ರೂಪಾಯಿ ವ್ಯತ್ಯಾಸ ತಕ್ಷಣ ಕಾಣುತ್ತದೆ.

ಎರಡನೆಯ ತಾಳೆ ಸಾಲುಗಳ ಮೊತ್ತದ್ದು. ಮೂರೂ ಸೇರಿ 25,060 ರೂಪಾಯಿ. ಬಿಲ್ಲಿನ ಕೆಳಗೂ ಅಷ್ಟೇ ಇರಬೇಕು. 1,200 ಕಡಿಮೆ ಬಂದರೆ ಎಲ್ಬೋ ಸಾಲು ಬಿಟ್ಟುಹೋಗಿದೆ ಎಂದು ಆ ವ್ಯತ್ಯಾಸವೇ ಹೇಳುತ್ತದೆ. ತುಂಬಾ ಹೆಚ್ಚು ಬಂದರೆ, ಪುಟದ ಕೊನೆಯ ‘ಮುಂದಕ್ಕೆ ಒಯ್ದ ಮೊತ್ತ’ವೂ ಒಂದು ಸಾಮಾನಿನ ಸಾಲಾಗಿ ಸೇರಿಕೊಂಡಿತೇ ಎಂದು ನೋಡಿ.

ಮೂರನೆಯದು ತೆರಿಗೆ. ಶೇ. 9 ಸಿಜಿಎಸ್‌ಟಿ 2,255.40, ಎಸ್‌ಜಿಎಸ್‌ಟಿಯೂ ಅಷ್ಟೇ. ಎಲ್ಲ ಸೇರಿ 29,570.80, ರೌಂಡ್ ಆಫ್ 20 ಪೈಸೆ ಕೂಡಿ 29,571. ಇದೇ ಸಾಮಾನು, ಇದೇ ದರ, ಆದರೆ ಬಿಲ್ಲಿನಲ್ಲಿ ಶೇ. 18 ಐಜಿಎಸ್‌ಟಿ ಎಂದು ಹಾಕಿದ್ದರೂ ಮೊತ್ತ ಬದಲಾಗುತ್ತಿರಲಿಲ್ಲ, ಕೂಡಿಸುವ ಲೆಕ್ಕವೆಲ್ಲ ಸರಿಯಾಗಿಯೇ ಕಾಣುತ್ತಿತ್ತು. ಮಾರಿದವರೂ ಸರಕು ತಲುಪಿದ ಜಾಗವೂ ಕರ್ನಾಟಕದಲ್ಲೇ ಇರುವಾಗ ಅದು ತಪ್ಪು. ಹಾಗಾಗಿ ಬಿಲ್ಲಿನ ಒಟ್ಟು ಲೆಕ್ಕದ ಕಡತದಲ್ಲಿ ಈ ಮೂರು ತೆರಿಗೆಗಳಿಗೆ ಪ್ರತ್ಯೇಕ ಕಾಲಂ ಇರಬೇಕು, ಮಾರಿದವರ ಜಿಎಸ್‌ಟಿ ಸಂಖ್ಯೆಯನ್ನೂ ಬರೆದಿಡಬೇಕು. ಆ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯವನ್ನು ತಿಳಿಸುತ್ತವೆ, ಕರ್ನಾಟಕಕ್ಕೆ 29.

ಕಡತ ಕೆಡುವುದು ಸಣ್ಣ ಸಣ್ಣ ಚಿಹ್ನೆಗಳಿಂದ. 22,540.00 ಎಂದು ಅಲ್ಪವಿರಾಮದ ಸಮೇತ ಹಾಗೆಯೇ ಬರೆದರೆ ಸಿಎಸ್‌ವಿ ಅದನ್ನು ಎರಡು ಕಾಲಂ ಎಂದು ಓದುತ್ತದೆ, ಮುಂದಿನದೆಲ್ಲ ಒಂದೊಂದು ಮನೆ ಪಕ್ಕಕ್ಕೆ ಸರಿಯುತ್ತದೆ. ಇಂಚಿನ ಗುರುತಾಗಿ ಹಾಕುವ ಜೋಡಿ ಗೀಟು ಸಿಎಸ್‌ವಿಯಲ್ಲಿ ಉದ್ಧರಣ ಚಿಹ್ನೆಯೂ ಹೌದು. ಅದಕ್ಕೇ ಮೇಲೆ `inch` ಎಂದು ಬರೆದಿರುವುದು. ಸೊನ್ನೆಯಿಂದ ಶುರುವಾಗುವ ಎಚ್‌ಎಸ್‌ಎನ್ ಸಂಕೇತಗಳ ಕಾಲಂ ಅನ್ನು ಎಕ್ಸೆಲ್‌ನಲ್ಲಿ ಪಠ್ಯವೆಂದು ಗುರುತಿಸಿ ತೆರೆಯಬೇಕು. ಇಲ್ಲದಿದ್ದರೆ ಕಾಫಿಯ 0901 ಬರೀ 901 ಆಗುತ್ತದೆ.

ಬಿಲ್ ಕಂಪ್ಯೂಟರಿನಲ್ಲೇ ತಯಾರಾದ ಪಿಡಿಎಫ್ ಆಗಿದ್ದರೆ ಸ್ಕ್ಯಾನ್ ಮಾಡುವುದೇ ಬೇಡ. ಅದರೊಳಗಿನ ಅಕ್ಷರಗಳನ್ನೇ ಹೊರತೆಗೆಯಬಹುದು. ಪಿಡಿಎಫ್‌ನಲ್ಲಿರುವ ಅಂಕಿಯನ್ನು ಇಲಿಗುಂಡಿಯಿಂದ ಆಯ್ದುಕೊಳ್ಳಲು ಬಂದರೆ ಅದು ಅಂಥದ್ದೆಂದು ತಿಳಿಯಿರಿ. ಆಗ ಈ ಆಜ್ಞೆ ಕಾಲಂಗಳ ಅಂತರವನ್ನು ಸುಮಾರಾಗಿ ಉಳಿಸಿಕೊಂಡೇ ಪಠ್ಯ ಕೊಡುತ್ತದೆ:

```
pdftotext -layout bill.pdf bill.txt
```

ಸಾಮಾನಿನ ವಿವರ ಎರಡು ಸಾಲಿಗೆ ಹರಿದಿದ್ದರೆ ಮಾತ್ರ ಕೈಯಾರೆ ಜೋಡಿಸಬೇಕಾಗುತ್ತದೆ.

ಇಷ್ಟೆಲ್ಲ ತಾಳೆಯಾದರೂ ಬಿಲ್ಲಿನೊಳಗಿನ ಲೆಕ್ಕ ಸರಿ ಎಂದಷ್ಟೇ ಅರ್ಥ. ಒಪ್ಪಿದ ದರ ಪರ್ಚೇಸ್ ಆರ್ಡರ್‌ನಲ್ಲಿದೆ, ಬಂದಿಳಿದ ನಗ ಡೆಲಿವರಿ ಚಲನ್‌ನಲ್ಲಿದೆ. ನಮ್ಮ ಕಡತವನ್ನು ಅವೆರಡರೊಂದಿಗೂ ಸಾಲು ಸಾಲಾಗಿ ಹೋಲಿಸಬೇಕು. ಗೋದಾಮಿನವರು ಸಹಿ ಹಾಕಿದ ಚಲನ್‌ನಲ್ಲಿ 38 ಪೈಪ್ ಮಾತ್ರ ಇದ್ದರೆ, ಎರಡು ಪೈಪಿನ ಬೆಲೆ ರಿಯಾಯಿತಿ ಕಳೆದು 1,127 ರೂಪಾಯಿ, ತೆರಿಗೆ 202.86, ಒಟ್ಟು 1,329.86 ರೂಪಾಯಿಗೆ ಅಂಗಡಿಯವರಿಂದ ಕ್ರೆಡಿಟ್ ನೋಟ್ ಕೇಳಬಹುದು. ಒಟ್ಟು ಮೊತ್ತವನ್ನಷ್ಟೇ ಬರೆದುಕೊಂಡ ಕಚೇರಿಗೆ ಹೀಗೆ ಪೈಸೆಯವರೆಗೆ ಹೇಳಿ ಕೇಳಲು ಆಧಾರವೇ ಇರುವುದಿಲ್ಲ.