ಬೇವೆಷ್ಟು, ಬೆಲ್ಲವೆಷ್ಟು?

ಯುಗಾದಿಯ ಶುಭಾಶಯ ಪತ್ರ ಬರೆಯಲು ಕೂತರೆ ಪೆನ್ನು ತಾನಾಗಿ ಓಡುವುದು ಒಂದೇ ಸಾಲಿಗೆ: ‘ನಿಮ್ಮ ಬಾಳಿನಲ್ಲಿ ಬೇವು-ಬೆಲ್ಲ ಸಮನಾಗಿರಲಿ.’ ಕೇಳುವುದಕ್ಕೆ ಹಿತವಾಗಿಯೇ ಇದೆ. ಆದರೆ ‘ಇರಲಿ’ ಎಂದರೆ ಹಾರೈಕೆ. ಬರೆದವರು ತಮಗೇ ತಿಳಿಯದೆ ಅರ್ಧ ಪಾಲು ಕಹಿಯನ್ನು ಹಾರೈಸಿಬಿಟ್ಟರು! ಮಗಳ ಮದುವೆಯಾದ ಮೇಲೆ ಮೊದಲ ಹಬ್ಬ ಮಾಡುತ್ತಿರುವ ಮನೆಗೆ ಇದು ಹೋದರೆ, ಅಲ್ಲಿನ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿಯಾರು.

ಅಡುಗೆಮನೆಯ ಲೆಕ್ಕ ಬೇರೆಯೇ. ಯಾವ ಮನೆಯಲ್ಲೂ ಬೇವು-ಬೆಲ್ಲವನ್ನು ಸಮಪಾಲು ಬೆರೆಸುವುದಿಲ್ಲ. ಹಳೇ ಮೈಸೂರು ಕಡೆ ಒಂದು ಹಿಡಿ ಕುಟ್ಟಿದ ಬೆಲ್ಲಕ್ಕೆ ಬೇವಿನ ಹೂವು, ಎಳೆ ಚಿಗುರು ಒಂದು ಚಿಟಿಕೆ; ಕೆಲವರು ಹುರಿಗಡಲೆಯನ್ನೂ ಸೇರಿಸುತ್ತಾರೆ. ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ ಹುಣಸೆ ನೀರು, ಬೆಲ್ಲ, ಪುಟಾಣಿ ಹಿಟ್ಟು ಕಲಸಿದ ಪಾನಕದಂಥ ‘ಬೇವು’ ಮಾಡುತ್ತಾರೆ. ಅದರಲ್ಲೂ ಹೂವು ತೇಲುವಷ್ಟೇ. ಆಂಧ್ರ, ತೆಲಂಗಾಣದ ಪಚ್ಚಡಿಯಲ್ಲಿ ಉಪ್ಪು, ಹುಳಿ, ಖಾರ, ಮಾವಿನಕಾಯಿಯ ಒಗರು ಸೇರಿ ರುಚಿ ಆರಾಗುತ್ತದೆ, ಕಹಿಯ ಪಾಲು ಇನ್ನೂ ಕಡಿಮೆ. ಈ ಅಳತೆಯನ್ನೇ ಕಾರ್ಡಿಗೆ ತಂದರೆ ಸಾಲು ತಾನಾಗಿ ಸರಿಹೋಗುತ್ತದೆ: ‘ಬೇವು ಒಂದು ಎಸಳು, ಬೆಲ್ಲ ಒಂದು ಹಿಡಿ; ಹೊಸ ವರ್ಷ ನಿಮಗೆ ಈ ಅಳತೆಯಲ್ಲೇ ಬರಲಿ.’

ಇನ್ನೊಂದು ಸಂಗತಿ. ಬೇವು-ಬೆಲ್ಲ ತಿನ್ನುವಾಗ ಹಿರಿಯರು ಹೇಳುವ ಸಂಸ್ಕೃತ ಶ್ಲೋಕದಲ್ಲಿ ಸುಖ-ದುಃಖದ ಮಾತೇ ಇಲ್ಲ. ನೂರು ವರ್ಷ ಆಯುಸ್ಸು, ವಜ್ರದಂಥ ದೇಹ, ಸಂಪತ್ತು, ಅರಿಷ್ಟಗಳ ನಾಶ, ಇವಕ್ಕಾಗಿ ಬೇವಿನ ಚಿಗುರು ತಿನ್ನಬೇಕು ಎನ್ನುತ್ತದೆ ಅದು. ಅಲ್ಲಿ ಬೇವು ಬರಿಯ ಕಷ್ಟವಲ್ಲ, ಔಷಧಿ. ವಯಸ್ಸಾದವರಿಗೆ ಬರೆಯುವಾಗ ಈ ಅರ್ಥವೇ ಹೆಚ್ಚು ಒಪ್ಪುತ್ತದೆ: ‘ಚಿಕ್ಕಮ್ಮ, ಬೇವು ನಿಮ್ಮ ಮೈಗೆ ಹತ್ತಲಿ, ಬೆಲ್ಲ ನಿಮ್ಮ ಮಾತಿನಲ್ಲಿ ಹೀಗೇ ಇರಲಿ.’

ನಿಜವಾದ ಕಷ್ಟ ಎದುರಾಗುವುದು ಕಹಿಯನ್ನು ಆಗಲೇ ಉಂಡವರಿಗೆ ಬರೆಯುವಾಗ. ಕೆಲಸ ಕಳೆದುಕೊಂಡ ಗೆಳೆಯನೊಬ್ಬನಿದ್ದಾನೆ ಎಂದಿಟ್ಟುಕೊಳ್ಳಿ. ‘ಕಷ್ಟವೇ ಬದುಕಿನ ಪಾಠ, ಕಹಿಯನ್ನೂ ಸಿಹಿಯಂತೆ ಸ್ವೀಕರಿಸು’ ಎಂದು ಬರೆದರೆ, ತಿಂಗಳ ಸಂಬಳ ಬರುವವನು ಬರದವನಿಗೆ ಉಪದೇಶ ಮಾಡಿದ ಹಾಗಾಗುತ್ತದೆ. ಕಹಿಯನ್ನು ಕಳೆದ ವರ್ಷಕ್ಕೆ ಬಿಟ್ಟು, ಸಿಹಿಯ ಹೊಣೆಯನ್ನು ನಾವು ಹೊತ್ತು ನೋಡೋಣ: ‘ಹೋದ ವರ್ಷ ನೀನು ಬೇವು ಸಾಕಷ್ಟು ತಿಂದೆ. ಈ ಸಲ ಬೆಲ್ಲದ ಬಟ್ಟಲು ಮೊದಲು ನಿನ್ನ ಕಡೆಗೆ. ಹಬ್ಬದ ಊಟಕ್ಕೆ ಬಾ, ಒಬ್ಬಟ್ಟು ಎತ್ತಿಟ್ಟಿರುತ್ತೇವೆ.’ ಇದರಲ್ಲಿ ತತ್ವ ಏನೂ ಇಲ್ಲ, ಕರೆ ಇದೆ. ನನ್ನ ಮಟ್ಟಿಗೆ ಅದೇ ಮೇಲು.

ವರ್ಷದೊಳಗೆ ಸಾವು ಕಂಡ ಮನೆಯಲ್ಲಿ ಹಲವರು ಹಬ್ಬ ಮಾಡುವುದಿಲ್ಲ. ಅಲ್ಲಿಗೆ ಮಾವಿನ ತೋರಣದ ಚಿತ್ರವಿರುವ ಕಾರ್ಡು ಬೇಡ, ‘ಶುಭಾಶಯ’ ಎಂಬ ಮಾತೂ ಬೇಡ. ಬರೆಯಲೇಬೇಕೆನಿಸಿದರೆ ಬಿಳಿ ಹಾಳೆಯಲ್ಲಿ ಇಷ್ಟು ಸಾಕು: ‘ಈ ಸಲ ನಿಮ್ಮಲ್ಲಿ ಹಬ್ಬವಿಲ್ಲ. ಬೇವಿನ ಪಾಲಿಗೆ ನಾವೂ ಇದ್ದೇವೆ.’

ಗಾದೆ, ಪದಗಳನ್ನು ಎತ್ತಿಕೊಳ್ಳುವಾಗ ಅರ್ಥ ನೋಡಿಕೊಳ್ಳಬೇಕು. ಬೇವನ್ನು ಬೆಲ್ಲದಲ್ಲಿಡುವ ಪುರಂದರದಾಸರ ಕೀರ್ತನೆ ಯುಗಾದಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಅದು ಸ್ವಭಾವದ ಕುಟಿಲ ಬಿಡದವರ ಮೇಲಿನ ಟೀಕೆ. ಕಾರ್ಡಿನಲ್ಲಿ ಬಂದರೆ ಓದಿದವರಿಗೆ ಬೈಗುಳವಾದೀತು. ‘ಉಂಡದ್ದೇ ಉಗಾದಿ, ಮಿಂದದ್ದೇ ದೀವಳಿಗೆ’ ಎಂಬ ಗಾದೆ ಮಾತ್ರ ಎಲ್ಲಿಗಾದರೂ ಸಲ್ಲುತ್ತದೆ, ಅದರಲ್ಲೂ ಹಬ್ಬಕ್ಕೆ ಊರಿಗೆ ಬರಲಾಗದ ಮಕ್ಕಳಿಗೆ.

ಪ್ರಾಸದ ಆಸೆಗೂ ಸ್ವಲ್ಪ ಕಡಿವಾಣ ಇರಲಿ. ‘ಬೆಲ್ಲ’ಕ್ಕೆ ಎಲ್ಲ, ಇಲ್ಲ, ಬಲ್ಲ ಎಂದು ಸಾಲು ಬೆಳೆಯುತ್ತಲೇ ಹೋಗುತ್ತದೆ, ‘ಬೇವು’ ಹಿಡಿದರೆ ಮಾವು, ನೋವು ದಾಟಿ ಸಾವಿಗೂ ಮುಟ್ಟುತ್ತದೆ.

ಸಂವತ್ಸರದ ಹೆಸರೂ ಕೆಲವೊಮ್ಮೆ ಕೈಕೊಡುತ್ತದೆ. ಅರವತ್ತು ಹೆಸರುಗಳ ಚಕ್ರದಲ್ಲಿ 2024ರ ಯುಗಾದಿಗೆ ಬಂದದ್ದು ಕ್ರೋಧಿ, 2026ರದ್ದು ಪರಾಭವ. ‘ಪರಾಭವದ ಶುಭಾಶಯಗಳು’ ಎಂದು ಯಾರಿಗೆ ಬರೆಯುವುದು? ಅಂಥ ವರ್ಷ ಹೆಸರನ್ನು ತಾರೀಖಿನ ಪಕ್ಕ ಸಣ್ಣದಾಗಿ ಬರೆದು, ಹಾರೈಕೆಯನ್ನು ಅದರಿಂದ ದೂರವಿಡಿ. ಕಾರ್ಡಿನ ಮುಖಕ್ಕೆ ಏಳೆಂಟು ಪದ, ಒಳಗೆ ಮೂರು ಸಾಲು ಸಾಕು. ಕಹಿ ಮೊದಲು ಬರಲಿ, ಸಿಹಿ ಕೊನೆಗೆ. ಅಚ್ಚಾದ ಸಾಲು ಏನೇ ಇರಲಿ, ಅದರ ಕೆಳಗೆ ಓದುವವರ ಹೆಸರು ಹಿಡಿದು ಒಂದು ಮಾತು ನಿಮ್ಮ ಕೈಯಾರೆ ಬರೆಯಿರಿ.